ಬಿಟ್ಟು ಬಂದ ಕಂಪನಿಗೆ ವಾಪಸ್ ಹೋಗಬೇಕಾಗ್ಯಾದ, ಹಳೆ ಮ್ಯಾನೇಜರ್ ಸರ್‌ಗೆ ಮೆಸೇಜ್ ಹ್ಯಾಂಗ ಬರೀಲಿ?

ಹುಮನಾಬಾದ್‌ದಾಂವ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ್ರಿ. ನಾ ಹುಮನಾಬಾದ್ ಕಡಿಯಾಂವ. ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿ 2018ರ ಜೂನ್‌ದಾಗ ಊರ ಹತ್ರದ, ಔಷಧದ ಕಚ್ಚಾಮಾಲು ಮಾಡೋ ಒಂದು ಬಲ್ಕ್ ಡ್ರಗ್ ಕಂಪನಿಯಾಗ ಗುಣಮಟ್ಟ ನೋಡೋ ಕ್ಯೂಸಿ ಲ್ಯಾಬಿಗೆ ಸೇರಿದ್ದೆ. 4 ವರ್ಷ 2 ತಿಂಗಳು ಮಾಡಿದೆ. 2022ರ ಆಗಸ್ಟ್‌ದಾಗ ಬಿಟ್ಟು ಹೈದರಾಬಾದ್ ಹಾದಿಯಾಗ ಪಟಾನ್‌ಚೆರು ಹತ್ರ ಇನ್ನೊಂದು ಕಂಪನಿಗೆ ಬಂದೆ. ಎರಡು ವರ್ಷದ ಮ್ಯಾಲಾತು.

ಈಗ ಊರಿಗೆ ಬರಬೇಕಾಗ್ಯಾದ. ಅಪ್ಪಗ ಡಯಾಲಿಸಿಸ್ ಶುರುವಾಗಿ ಐದು ತಿಂಗಳು. ವಾರಕ್ಕ ಎರಡು ಸಲ ಬೀದರಕ್ಕ ಕರಕೊಂಡು ಹೋಗಬೇಕು, ಅವ್ವ ಒಬ್ಬಾಕಿನೇ ಮಾಡ್ಲಾಕತ್ಯಾಳ. ಹಳೆ ಕಂಪನಿ ಮನಿಯಿಂದ ಬೈಕ್ ಮ್ಯಾಲೆ ಇಪ್ಪತ್ತು ನಿಮಿಷ. ಶಿಫ್ಟ್ ಮುಗಿಸಿ ಮನಿಗಿ ಬರಬಹುದು.

ತೊಂದ್ರಿ ಏನಂದ್ರ, ನಾ ಬಿಟ್ಟ ರೀತಿ ಛಲೋ ಇರಲಿಲ್ಲ. ನೋಟಿಸ್ 90 ದಿನ ಇತ್ತು. 28 ದಿನ ಮಾಡಿ, ಉಳಿದ 62 ದಿನಕ್ಕ ರೊಕ್ಕ ಕಟ್ಟಿ ಬಂದೆ. ಅದೇ ತಿಂಗಳು ಹೊರದೇಶದ ಗಿರಾಕಿಯವರ ಆಡಿಟ್ ಇತ್ತು. ಔಷಧ ಎಷ್ಟು ದಿನ ಕೆಡದೇ ಇರ್ತದ ಅಂತ ನೋಡೋ ಸ್ಟೆಬಿಲಿಟಿ ಸ್ಯಾಂಪಲ್ ಬಾಕಿ ಬಿದ್ದಿದ್ದವು. ಕ್ಯೂಸಿ ಮ್ಯಾನೇಜರ್ ಸರ್ “ಆಡಿಟ್ ಆಗೋತನ ನಿಲ್ಲಪಾ” ಅಂದಿದ್ರು. ನಾ ನಿಲ್ಲಲಿಲ್ಲ. ಕಡೀ ದಿನ ಸಹಿ ಹಾಕಿಸ್ಲಾಕ ಕ್ಯಾಬಿನ್‌ಗೆ ಹೋದಾಗ ಮುಖ ಎತ್ತಿ ನೋಡದೇ ಹಾಕಿ ಕೊಟ್ಟರು. ಆಮ್ಯಾಲೆ ಯುಗಾದಿಗೆ ಶುಭಾಶಯ ಕಳಿಸಿದ್ರ ಕೈಮುಗಿದ ಚಿತ್ರ ಒಂದು ಬಂತು, ಅಷ್ಟೇ.

ಇದು ನಾ ಬರೆದಿಟ್ಟ ಮೆಸೇಜ್. ನೋಡಿ ಹೇಳ್ರಿ:

“ನಮಸ್ಕಾರ ಸರ್. ಹ್ಯಾಂಗ ಅದೀರಿ? ಮನ್ಯಾಗ ಎಲ್ಲರೂ ಆರಾಮ ಅದಾರೇನು? ಸರ್, ಇಲ್ಲಿ ಬಂದ ಮ್ಯಾಲೆ ನಿಮ್ಮಂಥ ಮ್ಯಾನೇಜರ್ ಎಲ್ಲೂ ಸಿಗಂಗಿಲ್ಲ ಅಂತ ಗೊತ್ತಾತು. ಇಲ್ಲಿ ಭಾಳ ಪ್ರೆಷರ್ ಅದ, ಮ್ಯಾನೇಜ್‌ಮೆಂಟ್ ಸರಿ ಇಲ್ಲ. ಅಪ್ಪನ ತಬ್ಯೇತೂ ಸರಿ ಇಲ್ಲ. ಹಿಂದ ಏನರ ತಪ್ಪಾಗಿದ್ರ ಕ್ಷಮಿಸ್ರಿ. ಯಾವ ಕೆಲಸ ಇದ್ರೂ ನಡೀತದ, ಎಷ್ಟು ಪಗಾರ ಕೊಟ್ರೂ ನಡೀತದ. ಒಂದು ಅವಕಾಶ ಕೊಡ್ರಿ ಸರ್.”

ಶಹಾಪುರ ಮಾಸ್ತರ

ತಮ್ಮಾ, ನಿನಗ 371ಜೆ ಪ್ರಮಾಣಪತ್ರ ಅದೇನು? ಇಲ್ಲಂದ್ರ ಮಾಡಿಸಿಕೋ. ನಮ್ಮ ಭಾಗದವರಿಗೆ ಮೀಸಲಾತಿ ಅದ, ಹಕ್ಕಿನಿಂದ ಕೇಳಬಹುದು. ಮೆಸೇಜಿನಾಗ ಅದನ್ನ ಮೊದಲ ಹಾಕು.

ಕೊಳಾರ ಕ್ಯೂಎ

ಮಾಸ್ತರ್ರೇ, 371ಜೆ ಸರ್ಕಾರಿ ನೌಕರಿಗೆ, ಕಾಲೇಜ್ ಸೀಟಿಗೆ. ಖಾಸಗಿ ಔಷಧ ಕಂಪನಿಯ ಲ್ಯಾಬಿಗೆ ಬರೋದಿಲ್ಲ. ಮೆಸೇಜಿನಲ್ಲಿ ಅದನ್ನು ಬರೆದರೆ ಆ ಸರ್ ಏನು ತಿಳಕೊಳ್ಳಬೇಕು ಅಂತ ಅವರಿಗೇ ಗೊತ್ತಾಗಲಿಕ್ಕಿಲ್ಲ.

ಶಹಾಪುರ ಮಾಸ್ತರ

ಹೌದಾ. ನಾ ಸರ್ಕಾರಿ ಅಂತ ತಿಳಿದೆ. ಬಿಡ್ರಿ.

ಸೇಡಂ ಕಾಕಾ · ಸೋಮವಾರ ಮುಂಜಾನೆ

ತಮ್ಮಾ, ನಾನು ಸಿಮೆಂಟ್ ಫ್ಯಾಕ್ಟರಿಯಾಗ ಇಲಾಖೆ ಮುಖ್ಯಸ್ಥ ಆಗಿ ನಿವೃತ್ತ ಆದಾಂವ. ಬಿಟ್ಟು ಹೋದವರು ತಿರುಗಿ ಕೇಳಿದ್ದು ನನ್ನ ಕಾಲದಾಗ ಐದು ಸಲ. ಮೂವರನ್ನ ತಗೊಂಡೆ, ಇಬ್ಬರನ್ನ ತಗೊಳ್ಳಲಿಲ್ಲ. ಆ ಕುರ್ಚಿಯಾಗ ಕೂತಾವ ಇಂಥಾ ಮೆಸೇಜ್ ಹ್ಯಾಂಗ ಓದ್ತಾನ ಅನ್ನೋದನ್ನ ಮೊದಲ ಹೇಳ್ತೀನಿ.

ನಿನ್ನ ಹೆಸರು ಫೋನ್ ಮ್ಯಾಲೆ ಕಂಡ ಕೂಡಲೇ ಅವರಿಗೆ ನಿನ್ನ ನಾಲ್ಕು ವರ್ಷ ನೆನಪಾಗೋದಿಲ್ಲ. ಕಡೀ ಒಂದು ತಿಂಗಳು ನೆನಪಾಗ್ತದ. ಆಡಿಟ್ ಹೊತ್ತಿನಾಗ ನಿನ್ನ ಸ್ಯಾಂಪಲ್ ಯಾರ ಕೈಯಾಗ ಮಾಡಿಸಿದ್ರು, ಯಾರು ರಾತ್ರಿ ಎಲ್ಲಾ ಕೂತರು, ಅದು. ಅಂಥಾದ್ರಾಗ ನೀ “ಏನರ ತಪ್ಪಾಗಿದ್ರ” ಅಂತ ಬರೆದ್ರ ಗಾಯದ ಮ್ಯಾಲೆ ಉಪ್ಪು. ಏನಾಗ್ಯಾದ ಅಂತ ಇಬ್ಬರಿಗೂ ಗೊತ್ತು. ಅದನ್ನ ಒಂದೇ ಸಲ, ಹೆಸರು ಹಿಡಿದು ಹೇಳು. ಆಡಿಟ್ ಅನ್ನು, 28 ದಿನ ಅನ್ನು. ಮತ್ತ ಮತ್ತ ಅನಬ್ಯಾಡ.

ಎರಡನೇದು, ಅವರೊಬ್ಬರೇ ನಿನ್ನ ತಗೊಳ್ಳಾಕ ಬರೋದಿಲ್ಲ. ಪ್ಲಾಂಟ್ ಹೆಡ್ ಕಡೆ ಹೋಗಿ ಕೇಳಬೇಕು. ಅಲ್ಲಿ ಅವರಿಗೆ ಬರೋ ಪ್ರಶ್ನೆ ನನಗ ಬಾಯಿಪಾಠ ಅವ: ಅವತ್ತ ಯಾಕ ಹೋದ, ಇವತ್ತ ಯಾಕ ಬರ್ಲಾಕತ್ಯಾನ, ಬಂದ್ರ ಎಲ್ಲಿ ಕೂಡಿಸ್ತೀರಿ? ನಿನ್ನ ಮೆಸೇಜ್ ಓದಿ ಅವರು ಈ ಮೂರಕ್ಕೂ ಉತ್ತರ ಹೇಳೋ ಹಂಗ ಇರಬೇಕು. ಈಗಿರೋದ್ರಾಗ ಒಂದಕ್ಕೂ ಇಲ್ಲ. “ಯಾವ ಕೆಲಸ ಇದ್ರೂ ನಡೀತದ” ಅಂದ್ರ ಹುಡುಕೋ ಕೆಲಸ ಅವರ ತಲಿಮ್ಯಾಲೆ ಹಾಕಿದಂಗ. “ಇಲ್ಲಿ ಮ್ಯಾನೇಜ್‌ಮೆಂಟ್ ಸರಿ ಇಲ್ಲ” ಅಂದ್ರ, ನಾಳೆ ಇನ್ನೊಬ್ಬರ ಮುಂದ ನಮ್ಮನ್ನೂ ಹಿಂಗೇ ಅಂತಾನ ಅನ್ನೋ ವಿಚಾರ ಬರ್ತದ. ನನಗ ಬರ್ತಿತ್ತು.

ಪಗಾರದ ಮಾತು ಪೂರಾ ತಗಿ. ಎಷ್ಟಾದ್ರೂ ನಡೀತದ ಅಂದಾವ ಆರು ತಿಂಗಳಿಗೆ ಕುದಿಯಾಕ ಶುರು ಮಾಡ್ತಾನ. ನಾ ತಗೊಳ್ಳದ ಇಬ್ಬರಾಗ ಒಬ್ಬ ಇದೇ ಮಾತು ಅಂದಿದ್ದ.

ತೊಗರಿ ಲೆಕ್ಕ

ನನ್ನ ಮಾತು ಬ್ಯಾರೆ ಅದ ಅಣ್ಣಾರ. ನಾ ಕಲಬುರಗಿಯಾಗ ದಾಲ್ ಮಿಲ್ಲಿನ ಲೆಕ್ಕ ಬರೀತೀನಿ. ಎಂಟು ವರ್ಷ ಮಾಡಿ, ಒಂದು ವರ್ಷ ಸೊಲ್ಲಾಪುರಕ್ಕ ಹೋಗಿ, ತಿರುಗಿ ಅದೇ ಮಿಲ್ಲಿಗೆ ಬಂದೆ. ಮೆಸೇಜ್ ಗಿಸೇಜ್ ಏನೂ ಇಲ್ಲ. ಜನವರಿಯಾಗ ಹೊಸ ತೊಗರಿ ಬರ್ಲಾಕ ಶುರುವಾದ ವಾರ ನೆಟ್ಟಗ ಹೋಗಿ ಸೇಠರ ಮುಂದ ನಿಂತೆ. ಲಾರಿ ಸಾಲಾಗಿ ನಿಂತಿದ್ವು, ತೂಕದ ಚೀಟಿ ಗುಡ್ಡೆ ಬಿದ್ದಿತ್ತು. “ನಾಳೆ ಒಂಬತ್ತಕ್ಕ ಬಾರವ್ವ” ಅಂದ್ರು. ಮುಗೀತು. ನೀನೂ ಒಂದು ಶನಿವಾರ ಊರಿಗೆ ಬಂದಾಗ ಸರ್ ಮನಿಗಿ ಹೋಗಿ ಬಾ. ಕಣ್ಣಾಗ ಕಣ್ಣಿಟ್ಟು ಮಾತಾಡಿದ್ರ ಸಿಟ್ಟು ಇಳೀತದ.

ಕಡೇಚೂರು ಎಚ್ಆರ್

ಅಕ್ಕಾ, ನಿಮ್ಮ ಮಿಲ್ಲಿನಲ್ಲಿ ತಗೊಳ್ಳೋರೂ ಸೇಠರೇ, ಪಗಾರ ಕೊಡೋರೂ ಸೇಠರೇ. ಅಲ್ಲಿ ಹೋಗಿ ನಿಂತದ್ದು ಸರಿ. ಇವರ ಕಂಪನಿಯಲ್ಲಿ ಮ್ಯಾನೇಜರ್ ಮನಸ್ಸು ಮಾಡಿದರೂ ಕೈಯಲ್ಲಿ ಆರ್ಡರ್ ಇರೋದಿಲ್ಲ. ಮುನ್ಸೂಚನೆ ಇಲ್ಲದೆ ಮನೆಗೆ ಹೋದರೆ, ಎದುರಿಗೆ ಇಲ್ಲ ಅನ್ನೋಕೆ ಆಗದೆ “ನೋಡೋಣಪಾ” ಅಂತಾರೆ. ಆ “ನೋಡೋಣ” ಹಿಡಕೊಂಡು ಇವರು ಮೂರು ತಿಂಗಳು ಕಾಯ್ತಾರೆ. ಮೆಸೇಜಿನಲ್ಲಿ ಒಂದು ಅನುಕೂಲ ಇದೆ: ಅವರು ಒಂದು ದಿನ ಯೋಚನೆ ಮಾಡಿ ಉತ್ತರ ಕೊಡಬಹುದು.

ನಾನು ಯಾದಗಿರಿ ಜಿಲ್ಲೆಯ ಒಂದು ಕೆಮಿಕಲ್ ಘಟಕದಲ್ಲಿ ಎಚ್ಆರ್. ಬಿಟ್ಟು ಹೋಗುವಾಗ ನಾವು ತುಂಬುವ ಫಾರಂನಲ್ಲಿ ಕೊನೆಗೆ ಒಂದು ಕಾಲಂ ಇರುತ್ತೆ, ಈ ವ್ಯಕ್ತಿಯನ್ನು ಮತ್ತೆ ತಗೋಬಹುದಾ ಇಲ್ಲವಾ ಅಂತ. ಅದನ್ನು ತುಂಬೋದು ಬಹಳ ಸಲ ಇಲಾಖೆಯ ಮ್ಯಾನೇಜರೇ. ನಿಮ್ಮ ಹೆಸರಿನ ಮುಂದೆ “ಬೇಡ” ಅಂತ ಇದ್ದರೆ ಅದನ್ನು ಬರೆದವರು ನೀವು ಮೆಸೇಜ್ ಕಳಿಸಬೇಕೆಂದಿರುವ ಸರ್ ಆಗಿರಬಹುದು. ತಾನೇ ಬರೆದದ್ದನ್ನು ತಾನೇ ತಿದ್ದಬೇಕಾದರೆ ಅವರಿಗೆ ಒಂದು ಕಾರಣ ಬೇಕು. ಕಾಕಾ ಹೇಳಿದ ಆ ಒಂದು ಸಾಲು, ಆಡಿಟ್ ಬಗ್ಗೆ, ಇಲ್ಲಿ ಕೆಲಸಕ್ಕೆ ಬರುತ್ತೆ.

ಒಂದು ಧೈರ್ಯದ ಮಾತು: ರೊಕ್ಕ ಕಟ್ಟಿ, ರಿಲೀವಿಂಗ್ ಲೆಟರ್ ತಗೊಂಡು ಹೋದವರು ಬೇರೆ, ಹೇಳದೆ ಕೇಳದೆ ಬರೋದು ನಿಲ್ಲಿಸಿದವರು ಬೇರೆ. ನಿಮ್ಮ ಹತ್ರ ರಿಲೀವಿಂಗ್ ಲೆಟರ್ ಇದೆಯಾ?

ಮತ್ತೊಂದು. ಸರ್‌ಗೆ ಹೇಳದೆ ಕಂಪನಿಯ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಡಿ. ಹಳೆ ನೌಕರನ ಅರ್ಜಿ ಬಂದರೆ ನಾವು ಮೊದಲು ಫೋನ್ ಮಾಡೋದು ಆ ಇಲಾಖೆಗೇ. “ನಿಮ್ಮ ಹಳೆ ಹುಡುಗ ಅರ್ಜಿ ಹಾಕಿದ್ದಾನೆ, ಗೊತ್ತಾ?” ಅಂತ ಎಚ್ಆರ್ ಬಾಯಿಂದ ಕೇಳಿದರೆ ಅವರಿಗೆ ಹ್ಯಾಗಾಗಬೇಕು?

ಹುಮನಾಬಾದ್‌ದಾಂವ

ರಿಲೀವಿಂಗ್ ಲೆಟರ್ ಅದ ಮೇಡಂ. ಸೆಟಲ್‌ಮೆಂಟ್ ಕಾಗದಾನೂ ಅದ, 29,760 ರೂಪಾಯಿ ಮುರಕೊಂಡಿದ್ರು. ಆಗ ಬೇಸಿಕ್ 14,400 ಇತ್ತು, 62 ದಿನದ್ದು.

ಕಾಕಾ, ನಿಮ್ಮ ಮಾತು ಓದಿ ಕೆಲಸದಾಗ ಮನಸ್ಸು ನಿಲ್ಲಲಿಲ್ಲ. ನನ್ನ ಸ್ಯಾಂಪಲ್ ಮಾಡಿದವ ನನ್ನ ಜೂನಿಯರ್. ಅವನ ಮದುವಿ ಆಗಿ ಹತ್ತು ದಿನ ಆಗಿತ್ತು.

ಭಾಲ್ಕಿ ಗಾಡಿ

ದೋಸ್ತ, ಜಲ್ದಿ ಮಾಡು. ಅದೇ ಕಂಪನಿಗೆ ತಿರುಗಿ ಸೇರಿದ್ರ ಹಳೆ 4 ವರ್ಷ 2 ತಿಂಗಳು ಕೂಡ್ತದ. ಇನ್ನು ಹತ್ತು ತಿಂಗಳು ಮಾಡಿದ್ರ 5 ವರ್ಷ, ಗ್ರಾಚ್ಯುಟಿ ಗ್ಯಾರಂಟಿ. ನನ್ನ ಪಿಎಫ್ ಹಂಗೇ ಕೂಡ್ಯಾದ.

ಕಡೇಚೂರು ಎಚ್ಆರ್

ಅಣ್ಣಾ, ಪಿಎಫ್ ಮಾತು ಸರಿ, ಗ್ರಾಚ್ಯುಟಿ ಮಾತು ತಪ್ಪು. ಪಿಎಫ್ ಯುಎಎನ್ ನಂಬರಿಗೆ ಅಂಟಿಕೊಂಡಿರುತ್ತೆ. ಕಂಪನಿ ಬದಲಾದರೂ ದುಡ್ಡು ವರ್ಗ ಮಾಡಿಸಿಕೊಂಡರೆ ವರ್ಷಗಳು ಕೂಡುತ್ತವೆ, ಪಿಂಚಣಿಯ 10 ವರ್ಷಕ್ಕೂ ಲೆಕ್ಕಕ್ಕೆ ಬರುತ್ತವೆ. ಗ್ರಾಚ್ಯುಟಿ ಹಾಗಲ್ಲ. ಒಂದೇ ಕಂಪನಿಯಲ್ಲಿ ಎಡೆಬಿಡದೆ ಮಾಡಿದ ಸೇವೆಗೆ ಅದು. ರಾಜೀನಾಮೆ ಕೊಟ್ಟು ಎರಡು ವರ್ಷ ಬೇರೆ ಕಡೆ ಇದ್ದು ಬಂದರೆ ಹೊಸದಾಗಿ ಸೇರಿದ ದಿನದಿಂದ ಒಂದು ಅಂತ ಎಣಿಸಬೇಕು. ಹಳೆ ಸೇವೆಯನ್ನು ಮುಂದುವರಿಸುತ್ತೇವೆ ಅಂತ ಕಂಪನಿ ಆರ್ಡರಿನಲ್ಲೇ ಬರೆದುಕೊಟ್ಟರೆ ಮಾತ್ರ ಬೇರೆ. ಬರೆದುಕೊಡೋದು ಅಪರೂಪ.

ಭಾಲ್ಕಿ ಗಾಡಿ

4 ವರ್ಷ 240 ದಿನ ಆದ್ರ ಸಾಕು ಅಂತ ಕೋರ್ಟ್ ಹೇಳ್ಯಾದಲ್ರಿ ಮೇಡಂ?

ಕಡೇಚೂರು ಎಚ್ಆರ್

ಮದ್ರಾಸ್ ಹೈಕೋರ್ಟಿನ ತೀರ್ಪು ಹಾಗಿದೆ, ಎಲ್ಲಾ ಕಂಪನಿಗಳು ಒಪ್ಪೋದಿಲ್ಲ. ಒಪ್ಪಿದರೂ ಇವರಿಗೆ ಸಿಗ್ತಿರಲಿಲ್ಲ. ನಾಲ್ಕು ವರ್ಷದ ಮೇಲೆ ಇವರದು ಎರಡೇ ತಿಂಗಳು. ಇನ್ನು ಹತ್ತು ತಿಂಗಳು ಅಲ್ಲೇ ಇದ್ದು ಐದು ತುಂಬಿಸಿದ್ದರೆ ಅವರ ಬೇಸಿಕ್‌ಗೆ ಸುಮಾರು 41,500 ರೂಪಾಯಿ ಬರ್ತಿತ್ತು. ಅದು ಹೋಯಿತು. ಈಗ ಆ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಪಗಾರ ಮಾತಾಡಬೇಡಿ, ಮೆಸೇಜಿನಲ್ಲಂತೂ ಎತ್ತಲೇಬೇಡಿ.

ಕೊಳಾರ ಕ್ಯೂಎ · ಸೋಮವಾರ ಸಂಜೆ

ಕಾಕಾ ಹೇಳಿದ ಮೂರನೇ ಪ್ರಶ್ನೆ, ಬಂದರೆ ಎಲ್ಲಿ ಕೂಡಿಸೋದು ಅನ್ನೋದು, ಅದರ ಬಗ್ಗೆ ಹೇಳ್ತೀನಿ. ನಾನೂ ಇದೇ ಲೈನಿನವ, ಬೀದರದಲ್ಲೇ ಇದ್ದೀನಿ.

ಎರಡು ವರ್ಷ ಹೊರಗಿದ್ದು ಬಂದ ಅನಾಲಿಸ್ಟ್ ಮೊದಲ ದಿನವೇ ಎಚ್‌ಪಿಎಲ್‌ಸಿ ಯಂತ್ರದ ಮುಂದೆ ಕೂತು ರಿಪೋರ್ಟ್ ಕೊಡೋಕೆ ಆಗೋದಿಲ್ಲ. ಹಳೆ ಲಾಗಿನ್ ಮುಚ್ಚಿರುತ್ತಾರೆ, ಹೊಸದು ತೆಗೀಬೇಕು. ಕೆಲಸ ಹೇಗೆ ಮಾಡಬೇಕು ಅಂತ ಬರೆದಿಟ್ಟ ಎಸ್ಒಪಿಗಳು ಬದಲಾಗಿರುತ್ತವೆ, ಅವನ್ನೆಲ್ಲ ಓದಿ ಟ್ರೈನಿಂಗ್ ರೆಕಾರ್ಡಿಗೆ ಸಹಿ ಮಾಡಬೇಕು. ಆಮೇಲೆ ಕ್ವಾಲಿಫಿಕೇಷನ್: ಮೊದಲೇ ಫಲಿತಾಂಶ ಗೊತ್ತಿರುವ ಸ್ಯಾಂಪಲ್ ಕೊಟ್ಟು ಮಾಡಿಸ್ತಾರೆ, ನಮ್ಮ ಅಂಕಿ ಅದಕ್ಕೆ ಹೊಂದಬೇಕು. ಮ್ಯಾನೇಜರಿಗೆ ಇದೆಲ್ಲ ಗೊತ್ತು. ಬಂದವ “ನಾ ಹಳಬ, ನನಗೆಲ್ಲ ಬರ್ತದ” ಅಂತ ಬಂದರೆ ತಲೆನೋವು. ಹಾಗಾಗಿ ಮತ್ತೆ ಮೊದಲಿಂದ ಕ್ವಾಲಿಫಿಕೇಷನ್ ಮಾಡೋಕೆ ತಯಾರು ಅನ್ನೋ ಮಾತು ಫೋನಿನಲ್ಲಿ ನೀವೇ ಎತ್ತಿ.

ಮೆಸೇಜಿಗೆ ಬೇಕಾದದ್ದು ಒಂದೇ: ಅವತ್ತು ನಿಮಗೆ ಬರದಿದ್ದ ಯಾವ ಕೆಲಸ ಈಗ ಬರುತ್ತೆ? ಅಲ್ಲಿ ಏನು ಮಾಡ್ತಿದ್ದೀರಿ?

ಹುಮನಾಬಾದ್‌ದಾಂವ

ಒಂದೂವರೆ ವರ್ಷದಿಂದ ನೈಟ್ರೊಸಮೈನ್ ಟೆಸ್ಟಿಂಗ್ ಸರ್. ಎಲ್‌ಸಿ-ಎಂಎಸ್ ಯಂತ್ರದ ಮ್ಯಾಲೆ. ಮೆಥಡ್ ವ್ಯಾಲಿಡೇಷನ್‌ದಾಗೂ ಇದ್ದೆ.

ಕೊಳಾರ ಕ್ಯೂಎ

ನಿಮ್ಮ ಮೆಸೇಜಿನಲ್ಲಿ ಇದು ಯಾಕೆ ಇಲ್ಲ! 2018ರಲ್ಲಿ ರಕ್ತದೊತ್ತಡದ ವಾಲ್ಸಾರ್ಟನ್ ಮಾತ್ರೆಗಳಲ್ಲಿ ಕ್ಯಾನ್ಸರ್ ತರಬಹುದಾದ ನೈಟ್ರೊಸಮೈನ್ ಕಲ್ಮಶ ಎನ್‌ಡಿಎಂಎ ಸಿಕ್ಕು ಜಗತ್ತಿನ ತುಂಬಾ ವಾಪಸ್ ಕರೆಸಿಕೊಂಡ ಮೇಲೆ ಬಲ್ಕ್ ಡ್ರಗ್ ಮಾಡುವ ಕಂಪನಿಗಳಿಗೆ ಈ ಟೆಸ್ಟು ತಪ್ಪಿದ್ದಲ್ಲ. ಯಂತ್ರ ಇಲ್ಲದ ಕಂಪನಿ ಹೊರಗಿನ ಲ್ಯಾಬಿಗೆ ಸ್ಯಾಂಪಲ್ ಕಳಿಸಿ ರಿಪೋರ್ಟಿಗೆ ಕಾಯುತ್ತೆ. ಯಂತ್ರ ಇದ್ದರೂ ನಡೆಸೋರು ಈ ಕಡೆ ಸುಲಭವಾಗಿ ಸಿಗೋದಿಲ್ಲ, ಕಲಿತವರು ಹೈದರಾಬಾದಿನಲ್ಲೇ ಉಳೀತಾರೆ. ನಿಮ್ಮ ಸರ್ ಪ್ಲಾಂಟ್ ಹೆಡ್ ಮುಂದೆ ಹೇಳೋ ಮೊದಲ ವಾಕ್ಯವೇ ಇದಾಗಬಹುದು.

ಭಾಲ್ಕಿ ಗಾಡಿ

ಹಂಗಿದ್ರ ಅಲ್ಲಿಂದ ಆ ಮೆಥಡ್ ಫೈಲ್ ಪೆನ್ ಡ್ರೈವ್‌ನಾಗ ತಗೊಂಡು ಬಾ. ಸರ್ ಖುಷಿ ಆಗ್ತಾರ.

ಕೊಳಾರ ಕ್ಯೂಎ

ದಯವಿಟ್ಟು ಆ ಕೆಲಸ ಮಾಡಬೇಡಿ. ಅದು ಆ ಕಂಪನಿಯ ಗುಟ್ಟು, ಸೇರುವಾಗ ಸಹಿ ಮಾಡಿರ್ತೀರಿ. ಅದೂ ಅಲ್ಲದೆ ಅಲ್ಲಿಂದ ಕದ್ದು ತಂದವ ನಾಳೆ ಇಲ್ಲಿಂದಲೂ ಒಯ್ಯುತ್ತಾನೆ ಅಂತ ಒಳ್ಳೆ ಮ್ಯಾನೇಜರಿಗೆ ಆ ಕ್ಷಣವೇ ಹೊಳೆಯುತ್ತೆ. ಕಲಿತದ್ದು ಕೈಯಲ್ಲಿದೆ, ಅದನ್ನಷ್ಟೇ ತನ್ನಿ.

ತೊಗರಿ ಲೆಕ್ಕ

ಅಪ್ಪಾಜಿ ವಿಷಯ ಬರೀಬೇಕೋ ಬ್ಯಾಡೋ? ನನಗಂತೂ ಪೂರಾ ಬರೀಬೇಕು ಅನಿಸ್ತದ. ಅವರಿಗೂ ತಂದಿ ತಾಯಿ ಇರ್ತಾರ. ನಮ್ಮ ಸೇಠರು ಮೊದಲ ಕೇಳಿದ್ದೇ “ಅವ್ವ ಹ್ಯಾಂಗ ಅದಾಳ” ಅಂತ.

ಕಡೇಚೂರು ಎಚ್ಆರ್

ನಾನು ಬೇಡ ಅಂತೀನಿ. ಕಲ್ಲು ಮನಸ್ಸಿನಿಂದ ಹೇಳ್ತಿಲ್ಲ ಅಕ್ಕಾ. ಕಾಯಿಲೆಯ ಕಾರಣಕ್ಕೆ ಬಂದವರು ರಜೆ ಜಾಸ್ತಿ ಹಾಕ್ತಾರೆ, ನೈಟ್ ಶಿಫ್ಟ್ ಒಲ್ಲೆ ಅಂತಾರೆ ಅನ್ನೋ ಎಣಿಕೆ ಮೇಲಿನವರಲ್ಲಿ ಇರುತ್ತೆ. ನಾನು ಅಂಥ ಸಭೆಗಳಲ್ಲಿ ಕೂತಿದ್ದೀನಿ. “ಕುಟುಂಬ ಊರಲ್ಲೇ ಇದೆ, ಇಲ್ಲೇ ನೆಲೆಸಬೇಕು” ಅಂದರೆ ಸಾಕು.

ಸೇಡಂ ಕಾಕಾ

ಇಲ್ಲಿ ನಾ ಮೇಡಂ ಮಾತು ಒಪ್ಪೋದಿಲ್ಲ. ಹುಮನಾಬಾದ್ ಎಷ್ಟು ದೊಡ್ಡ ಊರು? ಡಯಾಲಿಸಿಸ್ ಸುದ್ದಿ ಇವತ್ತಲ್ಲ ನಾಳೆ ಸರ್ ಕಿವಿಗಿ ಬೀಳ್ತದ. ಮುಚ್ಚಿಟ್ಟ ಅಂತ ಆಗೋದಕ್ಕಿಂತ ಒಂದು ಸಾಲು ಹೇಳಿಬಿಡೋದು ಛಲೋ. ಆದ್ರ ಒಂದೇ ಸಾಲು, ಅದೂ ಕರುಣಾ ಬೇಡೋ ಧಾಟಿಯಾಗ ಅಲ್ಲ. ಡಯಾಲಿಸಿಸ್ ದಿನ ಯಾವ್ಯಾವು, ಶಿಫ್ಟ್ ಹ್ಯಾಂಗ ಹೊಂದಿಸ್ತೀ ಅನ್ನೋದನ್ನ ನೀನೇ ಮೊದಲ ಯೋಚನೆ ಮಾಡಿ ಇಟ್ಟುಕೋ, ಫೋನಿನಾಗ ಕೇಳೇ ಕೇಳ್ತಾರ.

ಕಡೇಚೂರು ಎಚ್ಆರ್

ಕಾಕಾ, ನೀವು ಒಳ್ಳೆ ಮ್ಯಾನೇಜರ್ ಇದ್ದಿರಿ ಅಂತ ಹಾಗಂತೀರಿ. ಎಲ್ಲರೂ ನಿಮ್ಮ ಹಾಗಿರೋದಿಲ್ಲ. ನನ್ನ ಮಾತು ನಾನು ಬಿಡೋದಿಲ್ಲ, ಅವರು ಯೋಚಿಸಲಿ.

ಹುಮನಾಬಾದ್‌ದಾಂವ · ಮಂಗಳವಾರ ರಾತ್ರಿ

ಎಲ್ಲರ ಮಾತು ಓದಿ ಮತ್ತ ಬರದೀನಿ. ಅಪ್ಪನ ಸಾಲು ಇಟ್ಟೀನಿ, ಮೇಡಂ ಬೇಜಾರ ಮಾಡಕೋಬ್ಯಾಡ್ರಿ. ನಮ್ಮ ಸರ್ ಭಾಲ್ಕಿ ಕಡಿಯವರು, ಲ್ಯಾಬಿನಾಗ ನಮ್ಮ ಜೋಡಿ ಕನ್ನಡಾನೇ ಮಾತಾಡ್ತಿದ್ರು. ಅದಕ್ಕ ವಾಟ್ಸಾಪ್ ಕನ್ನಡದಾಗೇ. ಆಫೀಸ್ ಮೇಲ್ ಬೇಕಂದ್ರ ಆಮ್ಯಾಲೆ ಇಂಗ್ಲಿಷ್‌ದಾಗ ಕಳಿಸ್ತೀನಿ.

“ಸರ್, ನಮಸ್ಕಾರ. 2022ರ ಆಗಸ್ಟ್‌ದಾಗ ಆಡಿಟ್ ಮುಂದಿತ್ತು, ನೀವು ನಿಲ್ಲು ಅಂದಿದ್ರಿ, ನಾ 28 ದಿನಕ್ಕ ಹೋದೆ. ನನ್ನ ಸ್ಯಾಂಪಲ್ ಭಾರ ನಿಮ್ಮ ಮ್ಯಾಲೆ, ಉಳಿದವರ ಮ್ಯಾಲೆ ಬಿತ್ತು. ಅದು ನನ್ನ ತಪ್ಪು. ಈಗ ಊರಿಗೇ ಬಂದು ಇರಬೇಕಂತ ಮಾಡೀನಿ, ಅಪ್ಪನ ಡಯಾಲಿಸಿಸ್ ಬೀದರದಾಗ ನಡೆದದ. ಇಲ್ಲಿ ಒಂದೂವರೆ ವರ್ಷದಿಂದ ಎಲ್‌ಸಿ-ಎಂಎಸ್ ಮ್ಯಾಲೆ ನೈಟ್ರೊಸಮೈನ್ ಟೆಸ್ಟಿಂಗ್ ಮಾಡ್ಲಾಕತ್ತೀನಿ. ನಮ್ಮ ಕ್ಯೂಸಿದಾಗ ಜಾಗ ಇದ್ರ ಅಥವಾ ಮುಂದ ಆಗೋದಿದ್ರ ಹತ್ತು ನಿಮಿಷ ಫೋನಿನಾಗ ಮಾತಾಡಬಹುದೇನ್ರಿ? ಇಲ್ಲಿ ನೋಟಿಸ್ 60 ದಿನ ಅದ, ಈ ಸಲ ಪೂರಾ ಮಾಡೇ ಬರ್ತೀನಿ. ಜಾಗ ಇಲ್ಲಂದ್ರ ಇಲ್ಲ ಅಂತ ಹೇಳ್ರಿ ಸರ್.”

ಸೇಡಂ ಕಾಕಾ

“ನಮ್ಮ ಕ್ಯೂಸಿ” ಅಂದೀ ನೋಡು, ಅದನ್ನ “ನಿಮ್ಮ ಕ್ಯೂಸಿ” ಮಾಡು. ನಮ್ಮದು ಅನ್ನೋ ಹಕ್ಕು ಅವರು ತಿರುಗಿ ಕೊಡ್ಲಿ. ಉಳಿದದ್ದು ಮುಟ್ಟಬ್ಯಾಡ. ನೋಟಿಸ್ ಪೂರಾ ಮಾಡೇ ಬರ್ತೀನಿ ಅನ್ನೋ ಮಾತು ಓದಿದಾಗ ನಾ ಆಗಿದ್ರ ಫೋನ್ ಮಾಡ್ತಿದ್ದೆ.

ಕಳಿಸೋ ದಿನ ನೋಡಿಕೋ. ತಿಂಗಳ ಕಡೀ ವಾರ ಬ್ಯಾಡ, ಮಾಲು ಹೊರಡಿಸೋ ಗದ್ದಲ ಇರ್ತದ. ಐದನೇ ತಾರೀಖು ದಾಟಲಿ. ಸಂಜೀ ಏಳರ ಮ್ಯಾಲೆ ಕಳಿಸು, ಲ್ಯಾಬಿನಾಗ ನಿಂತು ಓದೋ ಹಂಗ ಆಗಬಾರದು.

ಕಡೇಚೂರು ಎಚ್ಆರ್

ಉತ್ತರ ಬಂದಾಗ ಹೇಗೆ ತಿಳಿಯಬೇಕು ಅಂತಾನೂ ಹೇಳ್ತೀನಿ. “ಈಗ ಎಷ್ಟು ತಗೊಳ್ತಿದ್ದೀ, ಯಾವಾಗ ಬರಬಹುದು” ಅಂತ ಕೇಳಿದರೆ ಮೇಲೆ ಮಾತಾಡೋ ಮನಸ್ಸಿದೆ ಅಂತ ಅರ್ಥ. “ರೆಸ್ಯೂಮೆ ಎಚ್ಆರ್‌ಗೆ ಕಳಿಸು” ಅಂತ ಮಾತ್ರ ಬಂದರೆ ಬಹಳ ಸಲ ಅದು ನಯವಾದ ಇಲ್ಲ. ಓದಿ ಸುಮ್ಮನಿದ್ದರೆ ಹತ್ತು ದಿನ ಬಿಟ್ಟು ಒಂದೇ ಒಂದು ಸಲ ನೆನಪಿಸಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಬೇರೆ ಕಂಪನಿ ನೋಡಿ, ನಿಮ್ಮ ಕೈಯಲ್ಲಿರುವ ಕೆಲಸಕ್ಕೆ ಬೀದರದ ಬೇರೆ ಕಡೆಗಳಲ್ಲೂ ಬೆಲೆ ಇದೆ.

ಅಲ್ಲೀವರೆಗೆ ಈಗಿನ ಕಂಪನಿಯಲ್ಲಿ ಯಾರ ಮುಂದೂ ಬಾಯಿ ಬಿಡಬೇಡಿ. ಆಫರ್ ಲೆಟರ್ ಕೈಗೆ ಬರೋ ತನಕ ರಾಜೀನಾಮೆಯೂ ಬೇಡ.

ಹುಮನಾಬಾದ್‌ದಾಂವ · ಎರಡು ವಾರದ ಮ್ಯಾಲೆ

ಸುದ್ದಿ ಹೇಳ್ತೀನಿ. ಎಂಟನೇ ತಾರೀಖು ಸಂಜೀ ಕಳಿಸಿದೆ. ಮೆಸೇಜ್ ಓದಿದ ಗುರ್ತು ಕೂಡಲೇ ಬಂತು. ಎರಡು ದಿನ ಏನೂ ಇಲ್ಲ. ಮೂರನೇ ದಿನ ರಾತ್ರಿ “ಐತವಾರ ಹನ್ನೊಂದಕ್ಕ ಫೋನ್ ಹಚ್ಚು” ಅಂತ ಬಂತು. ಮನ್ಯಾಗ ಎಲ್ಲರೂ ಫೋನ್ ಸುತ್ತ ಕೂತಿದ್ರು, ನಾ ಮಾಳಿಗಿ ಮ್ಯಾಲೆ ಹೋಗಿ ಮಾತಾಡಿದೆ.

ಸರ್ ಮೊದಲ ಆಡಿಟ್ ಮಾತೇ ತಗದ್ರು. ಸ್ಟೆಬಿಲಿಟಿ ಸ್ಯಾಂಪಲ್ ತಡ ಆದದ್ದಕ್ಕ ಕೊರತೆ ಅಂತ ಒಂದು ಅಬ್ಸರ್ವೇಷನ್ ಬಿದ್ದಿತ್ತಂತ. ನನಗ ಅದು ಗೊತ್ತಿರಲಿಲ್ಲ. ಎರಡು ನಿಮಿಷ ಬರೇ ಕೇಳಿದೆ, ಸಬೂಬು ಹೇಳಲಿಲ್ಲ. ಆಮ್ಯಾಲೆ ದನಿ ಇಳೀತು. ಅಪ್ಪನ ಬಗ್ಗೆ ಕೇಳಿದ್ರು. ಡಯಾಲಿಸಿಸ್ ಮಂಗಳವಾರ, ಶುಕ್ರವಾರ ಮುಂಜಾನೆ ಅದ, ಆ ಎರಡು ದಿನ ಎರಡನೇ ಶಿಫ್ಟ್ ಸಿಕ್ರ ಸಾಕು, ನೈಟ್ ಶಿಫ್ಟೂ ಮಾಡ್ತೀನಿ ಅಂದೆ. ಕ್ವಾಲಿಫಿಕೇಷನ್ ಮತ್ತ ಮಾಡ್ತೀನಿ ಅಂತ ನಾನೇ ಅಂದಾಗ “ಅದು ಹ್ಯಾಂಗೂ ಬಿಡಂಗಿಲ್ಲ” ಅಂದ್ರು.

ಜಾಗ ಅದ. ಎಲ್‌ಸಿ-ಎಂಎಸ್ ಈ ವರ್ಷ ತಗೊಂಡಾರ, ಒಬ್ಬನೇ ನಡೆಸ್ತಾನ. ಅದೇ ನನ್ನ ಜೂನಿಯರ್, ಈಗ ಸೆಕ್ಷನ್ ಇನ್‌ಚಾರ್ಜ್. “ಅವನ ಕೈಕೆಳಗ ಮಾಡ್ತೀ?” ಅಂತ ಕೇಳಿದ್ರು. ಮಾಡ್ತೀನಿ ಅಂದೆ. ಮರುದಿನ ಅವಗೂ ಫೋನ್ ಮಾಡಿ ಆ ತಿಂಗಳಿನ ಬಗ್ಗೆ ಕ್ಷಮಾ ಕೇಳಿದೆ. ಇದನ್ನ ನೀವು ಯಾರೂ ಹೇಳಿರಲಿಲ್ಲ, ನನಗ ಅನಿಸ್ತು.

ಪಗಾರ ಈಗ 36,000 ಅಂತ ಖರೆ ಹೇಳಿದೆ. ಸರ್ 29ರಿಂದ 30 ಸಾವಿರ ಆಗಬಹುದು ಅಂದ್ರು. ನಾ ಲೆಕ್ಕ ಹಾಕೀನಿ: ಇಲ್ಲಿ ರೂಮ್ ಬಾಡಿಗಿ 7,000, ಊಟ 4,500, ವಾರಾ ವಾರಾ ಊರಿಗೆ ಬಸ್ 2,400. ಕೈಯಾಗ ಉಳಿಯೋದು 22,100. ಮನ್ಯಾಗ ಇದ್ದು 29,000 ಬಂದ್ರೂ ಮೂರು ನಾಲ್ಕು ಸಾವಿರ ಪೆಟ್ರೋಲ್, ಮನಿ ಖರ್ಚು ತಗದು ಇದಕ್ಕಿಂತ ಹೆಚ್ಚೇ ಉಳೀತದ.

ಒಂದು ಗಂಟು ಉಳದದ. ಎಚ್ಆರ್‌ನವರು ಫೋನ್ ಮಾಡಿ ಮೊದಲ ಆರು ತಿಂಗಳು ಕಾಂಟ್ರಾಕ್ಟರ್ ರೋಲ್ ಮ್ಯಾಲೆ, ಆಮ್ಯಾಲೆ ಕಂಪನಿ ರೋಲಿಗೆ ತಗೋತೀವಿ ಅಂದ್ರು. ಒಪ್ಪಲೋ ಬ್ಯಾಡೋ?

ಕಡೇಚೂರು ಎಚ್ಆರ್

ಮನಸ್ಸಿಗೆ ಸಮಾಧಾನ ಆಯಿತು, ಮತ್ತು ಅಪ್ಪನ ಸಾಲಿನ ವಿಷಯದಲ್ಲಿ ಕಾಕಾನೇ ಸರಿ ಅಂತ ಈ ಸಲ ಒಪ್ಪುತ್ತೀನಿ. ಈಗ ಗಂಟಿನ ಮಾತು. ಕಾಂಟ್ರಾಕ್ಟರ್ ರೋಲ್ ಅಂದರೆ ಆರು ತಿಂಗಳು ನೀವು ಕಾಗದದ ಮೇಲೆ ಈ ಕಂಪನಿಯವರಲ್ಲ. ಗ್ರಾಚ್ಯುಟಿ ಎಣಿಕೆ ಕಂಪನಿ ರೋಲಿಗೆ ಬಂದ ದಿನದಿಂದಲೇ ಶುರು ಅಂತ ಅವರು ಹೇಳಬಹುದು. ಪಿಎಫ್ ಕಾಂಟ್ರಾಕ್ಟರ್ ಕಟ್ಟಬೇಕು, ಕಟ್ಟುತ್ತಿದ್ದಾನಾ ಅಂತ ತಿಂಗಳಿಗೊಮ್ಮೆ ಪಾಸ್‌ಬುಕ್ ನೋಡ್ತಾ ಇರಬೇಕು. “ಆರು ತಿಂಗಳಾದ ಮೇಲೆ ಕಂಪನಿ ರೋಲ್” ಅನ್ನೋದನ್ನು ಮೇಲ್‌ನಲ್ಲಿ ಬರೆದುಕೊಡಿ ಅಂತ ಕೇಳಿ. ಬಾಯಿಮಾತಿನ ಮೇಲೆ 36,000ದ ಕಾಯಂ ಕೆಲಸ ಬಿಡಬೇಡಿ.

ಹಳೆ ಪಿಎಫ್ ಈಗಿನ ಖಾತೆಗೆ ವರ್ಗ ಆಗಿದೆಯಾ ನೋಡಿಕೊಳ್ಳಿ. ಆಗಿಲ್ಲ ಅಂದರೆ ಹಳೆ ಕಂಪನಿ ನೀವು ಬಿಟ್ಟ ದಿನಾಂಕವನ್ನು ಪೋರ್ಟಲ್‌ನಲ್ಲಿ ಹಾಕಿದೆಯಾ ಅಂತ ಮೊದಲು ನೋಡಿ, ಅದಿಲ್ಲದೆ ವರ್ಗ ಮುಂದೆ ಹೋಗೋದಿಲ್ಲ. ಸೇರುವ ದಿನ ಫಾರಂ 11 ತುಂಬಿಸ್ತಾರೆ, ಅಲ್ಲಿ ಇದೇ ಯುಎಎನ್ ಬರೀರಿ. ಹೊಸದು ಮಾಡಿಸಬೇಡಿ.

ಸೇಡಂ ಕಾಕಾ

ಬರೆದುಕೊಡ್ರಿ ಅಂತ ಎಚ್ಆರ್‌ಗೆ ಕೇಳೋ ಮೊದಲ ಸರ್‌ಗೆ ಒಂದು ಫೋನ್ ಹಚ್ಚಿ “ಹಿಂಗ ಕೇಳ್ತೀನ್ರಿ” ಅಂತ ತಿಳಿಸು. ನಿನ್ನ ಸಲುವಾಗಿ ಮ್ಯಾಲೆ ಹೋಗಿ ಮಾತಾಡ್ಯಾರ. ಅವರ ಬೆನ್ನ ಹಿಂದ ಏನೂ ನಡೀಬಾರದು.

ಭಾಲ್ಕಿ ಗಾಡಿ

ನಮ್ಮ ಮಾವನ ಮಗ ಕಾಂಟ್ರಾಕ್ಟರ್ ರೋಲಿನಾಗ ಎರಡು ವರ್ಷ ಆದ್ರೂ ಅಲ್ಲೇ ಅದಾನ. ಆರು ತಿಂಗಳು ಅಂತಾನೇ ಸೇರಿಸಿದ್ರು. ನಾ ಆಗಿದ್ರ ಒಪ್ಪಂಗಿಲ್ಲ.

ತೊಗರಿ ಲೆಕ್ಕ

ಅಪ್ಪನ ಮುಂದ ಆರು ತಿಂಗಳು ಅಂದ್ರ ಭಾಳ ದೊಡ್ಡದು ಅಣ್ಣಾರ. ನಾ ಆಗಿದ್ರ ಒಪ್ತಿದ್ದೆ.

ಹುಮನಾಬಾದ್‌ದಾಂವ

ಇವತ್ತ ಸಂಜೀ ಸರ್‌ಗೆ ಫೋನ್ ಮಾಡಿದೆ ಕಾಕಾ. “ಕೇಳು, ಕೇಳೋದು ತಪ್ಪಲ್ಲ” ಅಂದ್ರು. ಮೇಲ್ ಕಳಿಸೀನಿ. ಉತ್ತರ ಇನ್ನೂ ಬಂದಿಲ್ಲ. ರಾಜೀನಾಮಿ ಕೊಟ್ಟಿಲ್ಲ. ನಾಳೆ ಶುಕ್ರವಾರ, ರಜಾ ಹಾಕಿ ಅಪ್ಪನ ಕರಕೊಂಡು ಬೀದರಕ್ಕ ಹೊಂಟೀನಿ.